ಸಡಿಲ ಹಗ್ಗದ ಕಸುಬು

30 ಕಿಲೋ ತೂಗುವ, ವರ್ಷ ತುಂಬಿದ ಲ್ಯಾಬ್ರಡಾರ್ ಯಜಮಾನನನ್ನು ದರದರ ಎಳೆದೊಯ್ಯುವುದು ಹಟದಿಂದಲ್ಲ; ಎಳೆದರೆ ಮೂಸಬೇಕಾದ ಕಂಬ ಬೇಗ ಸಿಗುತ್ತದೆ ಎಂದು ಕಲಿತಿರುವುದರಿಂದ. ಒಳ್ಳೆಯ ತರಬೇತುದಾರರ ಕೈಚಳಕವಿರುವುದು ಈ ಲೆಕ್ಕವನ್ನು ತಿರುವುಮುರುವು ಮಾಡುವುದರಲ್ಲಿ. ಹಗ್ಗ ಬಿಗಿಯಾದ ಕ್ಷಣವೇ ಅವರು ನಿಲ್ಲುತ್ತಾರೆ. ಹಿಂದಕ್ಕೆ ಜಗ್ಗುವುದಿಲ್ಲ, ಬೈಯುವುದೂ ಇಲ್ಲ. ನಾಯಿ ತಿರುಗಿ ನೋಡಿ, ಕತ್ತುಪಟ್ಟಿಯ ಕೊಕ್ಕೆ ಕೆಳಕ್ಕೆ ಜೋತುಬಿದ್ದ ಮೇಲಷ್ಟೇ ಮುಂದಿನ ಹೆಜ್ಜೆ. ಪಕ್ಕಕ್ಕೆ ಬಂದರೆ ಬೇಯಿಸಿದ ಕೋಳಿಯ ಚೂರೊಂದು, ಅದೂ ಪ್ಯಾಂಟಿನ ಹೊಲಿಗೆಯ ಬಳಿಯೇ. ಕೈ ಮುಂದೆ ಚಾಚಿ ಕೊಟ್ಟರೆ ನಾಯಿ ಮುಂದೆಯೇ ಇರಲು ಕಲಿಯುತ್ತದೆ.

ಇಷ್ಟು ತಾಳ್ಮೆ ಯಾರಿಗಿದೆ, ಕತ್ತು ಬಿಗಿಯುವ ಸರಪಳಿ ಹಾಕಿದರೆ ಸಾಲದೇ ಎನ್ನುವವರಿದ್ದಾರೆ. ನೋವಿಗೆ ಎಳೆತ ನಿಲ್ಲಬಹುದು, ನಿಜ. ಆದರೆ ಬೇರೆ ನಾಯಿ ಕಂಡಾಗಲೆಲ್ಲ ಕತ್ತು ನೊಂದರೆ, ಆ ನೋವಿಗೆ ಎದುರಿನ ನಾಯಿಯೇ ಕಾರಣವೆಂದು ಅದು ಬಗೆಯುವ ಅಪಾಯವಿದೆ. ಅವಸರದ ದಿನಕ್ಕೆ ಎದೆಯ ಮುಂದೆ ಕೊಂಡಿಯಿರುವ ಹಾರ್ನೆಸ್ ವಾಸಿ: ಎಳೆದರೆ ಮೈ ಪಕ್ಕಕ್ಕೆ ತಿರುಗುತ್ತದೆ. ಅದು ಕಲಿಸುವುದಿಲ್ಲ, ತಡೆಯುತ್ತದೆ ಅಷ್ಟೆ. ಪಾಠ ಕೆಡುವುದು ಮನೆಯವರಲ್ಲೊಬ್ಬರು ಆಗೊಮ್ಮೆ ಈಗೊಮ್ಮೆ ಎಳೆತಕ್ಕೆ ಮಣಿದಾಗ. ಅಪರೂಪಕ್ಕಾದರೂ ಫಲಿಸುವ ಎಳೆತವನ್ನು ನಾಯಿ ಸುಲಭಕ್ಕೆ ಕೈಬಿಡುವುದಿಲ್ಲ.