ಬರ್ತಾರ, ಬರ್ತಾರಾ, ಬರ್ತಾರೇನು

ಆಡಕಿಯ ಒಂದು ಮೊಬೈಲಿಗೆ `doctor nale bartara` ಎಂದು ಸಂದೇಶ ಬಂತು ಅಂದುಕೊಳ್ಳಿ. ಕಳಿಸಿದವರು ಸೇಡಂ ಕಡೆಯವರಾದರೆ ಇದು ಸುದ್ದಿ: ಡಾಕ್ಟರ್ ನಾಳೆ ಬರ್ತಾರ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದು, ಅಲ್ಲಿಯ ಮಾತು ನಾಲಿಗೆಗೆ ಹತ್ತಿದ ಮಗ ಕಳಿಸಿದ್ದರೆ ಇದು ಪ್ರಶ್ನೆ: ಡಾಕ್ಟರ್ ನಾಳೆ ಬರ್ತಾರಾ? ಒಬ್ಬರು ಓದಿ ರೋಗಿಯನ್ನು ಕರೆದುಕೊಂಡು ಹೊರಡುತ್ತಾರೆ, ಇನ್ನೊಬ್ಬರು ‘ಗೊತ್ತಿಲ್ಲ’ ಎಂದು ಉತ್ತರಿಸುತ್ತಾರೆ. ಅಕ್ಷರ ಒಂದೂ ಬದಲಾಗಿಲ್ಲ.

ಹೀಗಾಗುವುದಕ್ಕೆ ಕಾರಣ ಸರಳವಾಗಿದೆ. ದಕ್ಷಿಣದ ಕನ್ನಡದಲ್ಲಿ ಹೇಳಿಕೆ ‘ಬರ್ತಾರೆ’ ಎಂದು ಎಕಾರದಲ್ಲಿ ನಿಲ್ಲುತ್ತದೆ, ಪ್ರಶ್ನೆ ‘ಬರ್ತಾರಾ’ ಎಂದು ಆಕಾರಕ್ಕೆ ತಿರುಗುತ್ತದೆ. ಸ್ವರವೇ ಬೇರೆಯಾದ್ದರಿಂದ ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ `bartare`, `bartara` ಎಂದು ಎರಡೂ ಬೇರೆಯಾಗಿ ಉಳಿಯುತ್ತವೆ. ಕಲಬುರಗಿ ಸೀಮೆಯಲ್ಲಿ ಹೇಳಿಕೆಯೇ ಅಕಾರದಲ್ಲಿ ಮುಗಿಯುತ್ತದೆ: ಬರ್ತಾರ, ಬಂದಾರ, ಕೊಟ್ಟಾರ, ಬಸ್ ಅದ. ಅದರ ಮೇಲೆ ಪ್ರಶ್ನೆಯ ಆಕಾರ ಕೂತರೆ ಉಳಿಯುವ ವ್ಯತ್ಯಾಸ ಬರೀ ದೀರ್ಘದ್ದು. ಇಂಗ್ಲಿಷ್ ಅಕ್ಷರದ ಟೈಪಿಂಗಿನಲ್ಲಿ ಮೊದಲು ಸಾಯುವುದು ಆ ದೀರ್ಘವೇ.

ಈ ಸೀಮೆಯ ಮಾತಿಗೆ ಈ ತೊಂದರೆ ಎಂದೂ ಇರಲಿಲ್ಲ. ಇಲ್ಲಿ ಪ್ರಶ್ನೆ ಕೇಳುವುದು ಆಕಾರದಿಂದಲ್ಲ, ‘ಏನು’ವಿನಿಂದ. ಬರ್ತಾರೇನು, ಊಟ ಆಯ್ತೇನ್ರಿ, ರೇಷನ್ ಕೊಟ್ಟಾರೇನು. `bartarenu` ಎಂದು ಎಷ್ಟು ಕೆಟ್ಟದಾಗಿ ಟೈಪು ಮಾಡಿದರೂ ಅದು ಪ್ರಶ್ನೆಯಾಗಿಯೇ ಓದಿಸಿಕೊಳ್ಳುತ್ತದೆ, ಪ್ರಶ್ನೆಯ ಚಿಹ್ನೆ ಹಾಕಲು ಮರೆತರೂ ಅಷ್ಟೇ. ಆದರೂ ಮೊಬೈಲು ಹಿಡಿದ ಕೂಡಲೇ ಬಹಳ ಮಂದಿ ಏನುವನ್ನು ಬಿಟ್ಟು ಆಕಾರ ಹಿಡಿಯುತ್ತಾರೆ. ಸಿನಿಮಾದ ಕನ್ನಡ, ಟೀವಿಯ ಕನ್ನಡ ಹೆಚ್ಚು ಶುದ್ಧ ಎಂಬ ಭಾವನೆ ಇದರ ಹಿಂದಿರಬಹುದು. ತಮ್ಮ ಹೇಳಿಕೆಯ ರೂಪಕ್ಕೆ ಬೇರೆ ಸೀಮೆಯ ಪ್ರಶ್ನೆಯ ರೂಪ ತಂದು ಅಂಟಿಸುವುದು ಕೆಟ್ಟ ವ್ಯವಹಾರ.

ಉಳಿತಾಯದ ಲೆಕ್ಕದಲ್ಲೂ ಏನುವೇ ಗೆಲ್ಲುತ್ತದೆ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷ್ ಅಕ್ಷರಗಳು 160 ಹಿಡಿದರೆ ಕನ್ನಡ ಲಿಪಿಯ ಸಂಕೇತಗಳು 70 ಮಾತ್ರ ಹಿಡಿಯುತ್ತವೆ. ಒತ್ತು, ಕೊಂಬು, ದೀರ್ಘ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಗ್ರಂಥಸ್ಥ ರೂಪವಾದ ‘ಬರುತ್ತಾರೆಯೇ’ 11 ಸಂಕೇತ ತಿನ್ನುತ್ತದೆ, ‘ಬರ್ತಾರೇನು’ 9ರಲ್ಲಿ ಮುಗಿಯುತ್ತದೆ. ಏನುವಿಗೂ ಒಂದು ಇಕ್ಕಟ್ಟಿದೆ, ನಿಜ. ‘ಬಸ್ ಅದೇನು’ ಎಂಬುದು ಬಸ್ ಇದೆಯೇ ಎಂದೂ ಆಗಬಹುದು, ಬಸ್ಸಿನಂಥ ಅದು ಯಾವುದು ಎಂದೂ ಆಗಬಹುದು. ಆದರೆ ಎರಡನೆಯ ಅರ್ಥದಲ್ಲಿ ಓದುವವರು ಆಡಕಿಯಲ್ಲಿ ಸಿಗಲಾರರು.

ಇದು ರೂಪದ ತಪ್ಪಾಯಿತು. ಜಾಗದ ತಪ್ಪು ಇದಕ್ಕಿಂತ ಕಣ್ಣಿಗೆ ಕಡಿಮೆ ಬೀಳುತ್ತದೆ, ಹೆಚ್ಚು ಕೆಡಿಸುತ್ತದೆ. ಶಾಲೆಯ ವ್ಯಾಕರಣದಲ್ಲಿ ಏಕಾರಕ್ಕೆ ಅವಧಾರಣಾರ್ಥಕಾವ್ಯಯ ಎಂಬ ದೊಡ್ಡ ಹೆಸರಿದೆ. ಅದರ ಕೆಲಸ ಮಾತ್ರ ಒಂದೇ: ಯಾವ ಪದದ ಕೊನೆಗೆ ಕೂತಿತೋ ಅದನ್ನು ಉಳಿದವುಗಳಿಂದ ಬೇರೆ ಮಾಡಿ ಹಿಡಿಯುವುದು. ‘ಡಾಕ್ಟರೇ ನಾಳೆ ಆಡಕಿಗೆ ಬರ್ತಾರ’ ಎಂದರೆ ನರ್ಸ್ ಅಲ್ಲ, ಸ್ವತಃ ಡಾಕ್ಟರ್. ‘ಡಾಕ್ಟರ್ ನಾಳೆಯೇ ಆಡಕಿಗೆ ಬರ್ತಾರ’ ಎಂದರೆ ನಾಡಿದ್ದಿಗೆ ಕಾಯಬೇಡಿ. ‘ಡಾಕ್ಟರ್ ನಾಳೆ ಆಡಕಿಗೇ ಬರ್ತಾರ’ ಎಂದರೆ ನೀವು ಸೇಡಂಗೆ ಹೋಗಬೇಡಿ. ಏಕಾರ ವಿಭಕ್ತಿಯ ಮೇಲೆ ಬರುತ್ತದೆ ಎಂಬುದನ್ನೂ ಗಮನಿಸಿ: ಆಡಕಿಗೇ, ಸೇಡಂನಲ್ಲೇ. ಕ್ರಿಯಾಪದದಲ್ಲಿ ಒತ್ತು ಬೇಕಾದರೆ ಪದವನ್ನೇ ಒಡೆದು ನಡುವೆ ಕೂರಿಸಬೇಕು: ಬಂದೇ ಬರ್ತಾರ. ಅದನ್ನು ಬಿಟ್ಟು ‘ಬರುತ್ತಾರೆ’ಯ ಬಾಲಕ್ಕೆ ಹಚ್ಚಿದರೆ ‘ಬರುತ್ತಾರೆಯೇ’ ಎಂದಾಗಿ ಒತ್ತು ಹೋಗಿ ಪ್ರಶ್ನೆ ಹುಟ್ಟುತ್ತದೆ. ‘ಖಂಡಿತ ಬರುತ್ತಾರೆ’ ಎನ್ನಲು ಹೋದವನು ‘ಬಂದಾರೋ ಇಲ್ಲವೋ’ ಎಂಬ ಅನುಮಾನ ಬಿತ್ತಿರುತ್ತಾನೆ.

ಇಲ್ಲವೆನ್ನುವ ವಾಕ್ಯದಲ್ಲಿ ಪೆಟ್ಟು ಇನ್ನೂ ಜೋರು. ‘ಈ ವಾರ ರೇಷನ್ ಕೊಡೋದೇ ಇಲ್ಲ’ ಎಂದರೆ ಬಾಗಿಲು ಮುಚ್ಚಿದಂತೆ. ‘ಈ ವಾರವೇ ರೇಷನ್ ಕೊಡೋದಿಲ್ಲ’ ಎಂದರೆ ಮುಂದಿನ ವಾರ ಬನ್ನಿ ಎಂಬ ಸೂಚನೆ ಇರುತ್ತದೆ. ಏಕಾರ ಎರಡು ಪದ ಆಚೆ ಸರಿದದ್ದಕ್ಕೆ ಒಂದು ಮನೆಯ ಲೆಕ್ಕಾಚಾರ ಬದಲಾಗುತ್ತದೆ. ಈ ಸೀಮೆಯ ದಖನಿ ಉರ್ದುವಿನಲ್ಲೂ ‘ಇಚ್’ ಹೀಗೇ ಬೇಕಾದ ಪದಕ್ಕೇ ಹತ್ತಿ ಕೂರುತ್ತದೆ. ಬಾಯಿಮಾತಿನಲ್ಲಿ ಯಾರೂ ಇದನ್ನು ತಪ್ಪುವುದಿಲ್ಲ. ಒಂದೊಮ್ಮೆ ತಪ್ಪಿದರೂ ದನಿಯ ಏರಿಳಿತ ಅದನ್ನು ಸರಿಮಾಡಿಬಿಡುತ್ತದೆ. ಬರೆದ ಸಂದೇಶಕ್ಕೆ ದನಿ ಇಲ್ಲ. ‘ಅರ್ಜಿಗೆ ಕೊನೆಯ ದಿನ ನಾಳೆಯೇ’ ಎಂದು ಬರೆದು ಚಿಹ್ನೆ ಹಾಕದೆ ಬಿಟ್ಟರೆ ಅದು ಎಚ್ಚರಿಕೆಯೋ ವಿಚಾರಣೆಯೋ ಹೇಳಲು ಬರುವುದಿಲ್ಲ. ಏಕಾರ ಒತ್ತಿಗೂ ಬರುತ್ತದೆ, ಪ್ರಶ್ನೆಗೂ ಬರುತ್ತದೆ. ಅದನ್ನೇ ‘ನಾಳೆಯೇ ಕೊನೆಯ ದಿನ’ ಎಂದು ತಿರುಗಿಸಿದರೆ ಎಚ್ಚರಿಕೆ ಸ್ಪಷ್ಟ.

ಓಕಾರದ ಬಗ್ಗೆ ಒಂದೇ ಮಾತು. ಅದು ಜೋಡಿಯಾಗಿ ಬಂದರೇ ಚೆಂದ: ಇವತ್ತೋ ನಾಳೆಯೋ. ‘ಇವತ್ತು ಅಥವಾ ನಾಳೆಯೋ’ ಎಂಬುದು ಕುಂಟು. ಪ್ರಶ್ನೆಯ ಪದಕ್ಕೆ ಹತ್ತಿದರಂತೂ ಪ್ರಶ್ನೆಯನ್ನೇ ನುಂಗುತ್ತದೆ: ‘ಯಾವಾಗ ಬರ್ತಾರೋ’ ಎನ್ನುವವರಿಗೆ ಕಾತರ ಇದೆ, ‘ಯಾವಾಗಲೋ ಬರ್ತಾರ’ ಎನ್ನುವವರಿಗೆ ಇಲ್ಲ.

ಊರಿನವರ ತಪ್ಪನ್ನು ನಾನು ಹೆಚ್ಚು ಬೈಯಲಾರೆ. ಮರುಕ್ಷಣ ಫೋನು ಮಾಡಿ ಕೇಳಬಹುದು. ಮರಳಿ ಕೇಳಲು ಬಾರದ ಸಂದೇಶಗಳಿಗೆ ಆ ರಿಯಾಯಿತಿ ಸಲ್ಲದು. ಖಾತೆಯಿಂದ ಹಣ ಹೋದಾಗ ಇಂಗ್ಲಿಷ್ ಸಂದೇಶದ ಕೊನೆಗೆ `Not you?` ಎಂದಿರುವುದುಂಟು. ಅದನ್ನು ಪದಕ್ಕೆ ಪದ ಇಟ್ಟು ‘ನೀವಲ್ಲವೇ?’ ಎಂದು ಇಳಿಸಿದರೆ ಅರ್ಥ ಬುಡಮೇಲಾಗುತ್ತದೆ. ಕನ್ನಡದಲ್ಲಿ ‘ಅಲ್ಲವೇ’ ಒಪ್ಪಿಗೆ ಬೇಡುವ ಪ್ರಶ್ನೆ: ಇದು ನೀವೇ ತಾನೇ? ಹಣ ಕಳೆದುಕೊಂಡವರು ಗಾಬರಿಯಲ್ಲಿ ಓದುವ ಸಾಲು ಅವರ ಮೇಲೇ ಅಪವಾದ ಹೊರಿಸಿದಂತಿರುತ್ತದೆ. ‘ಇದು ನೀವು ಮಾಡಿದ್ದಲ್ಲದಿದ್ದರೆ ಕರೆ ಮಾಡಿ’ ಎಂದರೆ ಪ್ರಶ್ನೆಯೇ ಬೇಕಿಲ್ಲ.

ಖಾಲಿ ಜಾಗ ಬಿಟ್ಟು ಊರಿನ ಹೆಸರು ಯಂತ್ರದಿಂದ ತುಂಬಿಸುವ ಸಂದೇಶಗಳಲ್ಲಿ ಇನ್ನೊಂದು ಅವಾಂತರ. ಅಚ್ಚಿನಲ್ಲಿ ಹೆಸರಿನ ಮುಂದೆ ‘ಯೇ’ ಎಂದು ಬರೆದಿಟ್ಟರೆ ಆಡಕಿಯೇ, ವಾಡಿಯೇ, ಚಿಂಚೋಳಿಯೇ ಸರಿಯಾಗಿ ಬರುತ್ತವೆ. ಚಿತ್ತಾಪುರಕ್ಕೆ ಬಂದಾಗ ‘ಚಿತ್ತಾಪುರಯೇ’, ಶಹಾಬಾದಿಗೆ ‘ಶಹಾಬಾದ್‌ಯೇ’, ಸೇಡಂಗೆ ‘ಸೇಡಂಯೇ’. ಯಕಾರ ಬರಬೇಕೋ ವಕಾರ ಬರಬೇಕೋ ಎಂಬುದನ್ನು ಹಿಂದಿನ ಅಕ್ಷರ ನಿರ್ಧರಿಸುತ್ತದೆ, ಅಚ್ಚು ಮಾಡಿದವರಿಗೆ ಆ ಅಕ್ಷರ ಮೊದಲೇ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಹೆಸರಿಗೆ ಏಕಾರ ಹಚ್ಚದೆ, ಮುಂದೆ ‘ಊರಿನಲ್ಲೇ’ ಎಂದು ಸೇರಿಸಿ ಅದಕ್ಕೆ ಹಚ್ಚಿದರೆ ಆರೂ ಊರುಗಳಿಗೆ ಸರಿಹೋಗುತ್ತದೆ.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತನ್ನ ಮೊದಲ ಪರಿಚ್ಛೇದವನ್ನು ಮಾತಿನ ದೋಷ-ಅದೋಷಗಳ ನಿರ್ಣಯಕ್ಕೇ ಮೀಸಲಿಟ್ಟಿತು. ಅದು ಹುಟ್ಟಿದ ರಾಷ್ಟ್ರಕೂಟರ ಆಸ್ಥಾನದ ಮಳಖೇಡ ಇದೇ ಸೇಡಂ ತಾಲ್ಲೂಕಿನಲ್ಲಿದೆ. ಅಷ್ಟು ಕಟ್ಟುನಿಟ್ಟು ಮೊಬೈಲಿಗೆ ಬೇಡ. ಆಡಕಿ, ವಾಡಿ, ಚಿತ್ತಾಪುರದ ಓದುಗರಲ್ಲಿ ನನ್ನ ಕೋರಿಕೆ ಇಷ್ಟೆ: ಪ್ರಶ್ನೆ ಕೇಳುವಾಗ ನಿಮ್ಮ ಏನುವನ್ನೇ ಬರೆಯಿರಿ, ಏಕಾರ ಹಚ್ಚುವ ಮೊದಲು ವಾಕ್ಯವನ್ನು ಒಮ್ಮೆ ಬಾಯಿಬಿಟ್ಟು ಓದಿ ನೋಡಿರಿ.