ನೀರಿನ ಲೆಕ್ಕ ಎರಡು ಸಲ

ಪಕ್ಕದ ತೋಟದ ಭಾವ ಕಳೆದ ವಾರ ಒಂದು ಪತ್ರ ತಂದು ನನ್ನ ಕೈಗಿಟ್ಟರು. ಅವರು ಸದಸ್ಯರಾಗಿರುವ ಸಹಕಾರಿ ಸಂಘವೊಂದು, ಚಾಲಿ ಅಡಿಕೆಗೆ ಕೊಟ್ಟ ಹಣ ಹೇಗೆ ಬಂತೆಂದು ವಿವರಿಸಿ ಬರೆದ ಒಂದು ಪುಟದ ಪತ್ರ ಅದು. ಸಂಘದ ಹೆಸರು ಇಲ್ಲಿ ಬೇಡ, ಪತ್ರ ಮಾತ್ರ ಮುಖ್ಯ. ಬೆಳೆಗಾರನಿಗೆ ವರ್ಷಕ್ಕೆ ಒಂದೆರಡು ಸಲ ಮಾತ್ರ ಬರುವ ಇಂಥ ಬರಹವನ್ನು ಯಾರೂ ಬರಹವೆಂದು ಓದುವುದಿಲ್ಲ. ಕೊನೆಯ ಸಾಲಿನ ಮೊತ್ತ ನೋಡಿ ಮಡಚಿಡುತ್ತಾರೆ. ಭಾವ ಹಾಗೆ ಮಾಡಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನೀರಿನ ಲೆಕ್ಕ ತೂಕದಲ್ಲೇ ಮುಗಿದಿದ್ದರೆ ದರದಲ್ಲಿ ಮತ್ತೆ ಯಾಕೆ ಬಂತು?"

ಮೊದಲು ಪತ್ರದ ಗುಣ ಹೇಳಬೇಕು. ವ್ಯಾಪಾರಿಯ ಚೀಟಿಯಲ್ಲಿ ಸಾಮಾನ್ಯವಾಗಿ ತೂಕ, ದರ, ಮೊತ್ತ ಇಷ್ಟೇ ಇರುತ್ತದೆ. ಈ ಪತ್ರ ಲೆಕ್ಕವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದೆ. ನಾಲ್ಕು ಚೀಲ, ಒಟ್ಟು ತೂಕ 203 ಕಿಲೊ. ಖಾಲಿ ಚೀಲಕ್ಕೆ 3 ಕಿಲೊ ಕಳೆದು 200. ತೇವಾಂಶ ಶೇ. 11, ಒಪ್ಪುವ ಮಿತಿ ಶೇ. 7, ಹೆಚ್ಚುವರಿ ಶೇ. 4ಕ್ಕೆ 8 ಕಿಲೊ ಕಡಿತ. ಉಳಿದ 192 ಕಿಲೊದಲ್ಲಿ ಚಾಲಿ 144, ಪಟೋರ 38.4, ಉಳ್ಳಿಗಡ್ಡೆ 9.6. ಲೆಕ್ಕ ಹಿಡಿಯಲು ಸುಲಭವಾಗಲೆಂದು ದರಗಳನ್ನು ನಾನು ದುಂಡಗೆ ಮಾಡಿಕೊಂಡಿದ್ದೇನೆ: ಕಿಲೊಗೆ 400, 300, 200 ರೂಪಾಯಿ. ಆ ದರದಲ್ಲಿ ಒಟ್ಟು 71,040 ರೂಪಾಯಿ. ಪತ್ರದ ಮೂಲ ದರಗಳಲ್ಲಿ ಕೂಡಿ ನೋಡಿದೆ, ಒಂದು ರೂಪಾಯಿಯೂ ಹೆಚ್ಚುಕಡಿಮೆ ಇಲ್ಲ.

ತೇವಾಂಶದ ಕಡಿತ ಅನ್ಯಾಯವೆಂದು ಎಷ್ಟೋ ಬೆಳೆಗಾರರು ನಂಬಿದ್ದಾರೆ. ಹಾಗಲ್ಲ. ಆಹಾರ ಸುರಕ್ಷತಾ ನಿಯಮಗಳು ಒಣ ಅಡಿಕೆಗೆ ಇಟ್ಟಿರುವ ಮಿತಿ ಶೇ. 7. ಅದಕ್ಕಿಂತ ಹಸಿ ಇರುವ ಅಡಿಕೆ ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತದೆ, ಒಣಗಿ ತೂಕವೂ ಇಳಿಯುತ್ತದೆ. ಆ ನಷ್ಟ ಉಳಿದ ಸದಸ್ಯರ ತಲೆಯ ಮೇಲೆ ಬೀಳಬಾರದು. ಈ ಪತ್ರದ ಕಡಿತವಂತೂ ಸದಸ್ಯನಿಗೆ ತುಸು ಅನುಕೂಲವಾಗಿಯೇ ಇದೆ. ನೂರು ಕಿಲೊದಲ್ಲಿ 11 ಕಿಲೊ ನೀರಿದ್ದರೆ ಅಡಿಕೆಯ ಒಣ ಅಂಶ 89. ಇನ್ನೂರಕ್ಕೆ 178 ಕಿಲೊ. ಅದರ ಜೊತೆ ಶೇ. 7 ನೀರು ಮಾತ್ರ ಉಳಿಯುವಂತೆ ಒಣಗಿಸಿದರೆ ತೂಕ 178ನ್ನು 0.93ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 191.4 ಕಿಲೊ. ಸಂಘ ಒಪ್ಪಿದ್ದು 192. ಸರಳ ಕಡಿತದಿಂದ ಭಾವನಿಗೆ ಅರ್ಧ ಕಿಲೊಗಿಂತ ಹೆಚ್ಚೇ ಉಳಿದಿದೆ. ಈ ಮಾತು ಪತ್ರದಲ್ಲಿ ಇದ್ದಿದ್ದರೆ ಸಂಘದ ಮೇಲಿನ ವಿಶ್ವಾಸ ಹೆಚ್ಚುತ್ತಿತ್ತು.

ಪತ್ರದ ಮೊದಲ ಕೊರತೆ ಆ 11 ಎಂಬ ಅಂಕಿ ಎಲ್ಲಿಂದ ಬಂತೆಂದು ಹೇಳದಿರುವುದು. ಇಡೀ ಅಡಿಕೆ ಒಂದೇ ಸಮ ಒಣಗುವ ವಸ್ತುವಲ್ಲ. ಹಣ್ಣಡಿಕೆ ಅಂಗಳದಲ್ಲಿ ನಲವತ್ತು ದಿನದ ಆಸುಪಾಸು ಬಿಸಿಲು ಕಾಣಬೇಕು. ನಡುವೆ ಮೋಡ ಕವಿದರೆ ಹೊರಮೈ ಒಣಗಿ ತಿರುಳಿನ ನಡುವೆ ಹಸಿ ಉಳಿಯುತ್ತದೆ. ಅಡಕತ್ತರಿಯಲ್ಲಿ ಕತ್ತರಿಸಿದರೆ ಗೊತ್ತಾಗುತ್ತದೆ: ಒಣಗಿದ್ದು ಟಕ್ಕೆಂದು ತುಂಡಾಗುತ್ತದೆ, ಹಸಿಯದು ಕತ್ತಿಗೆ ಅಂಟಿ ಎಳೆಯುತ್ತದೆ. ತೇವಾಂಶ ಮಾಪಕಕ್ಕೆ ಈ ಒಳಗಿನ ಹಸಿ ಸರಿಯಾಗಿ ಸಿಗಬೇಕಾದರೆ ಮಾದರಿಯನ್ನು ಪುಡಿ ಮಾಡಿರಬೇಕು, ಮಾಪಕವನ್ನು ಅಡಿಕೆಗೆಂದೇ ಹೊಂದಿಸಿರಬೇಕು. ಸಂಶಯ ಬಂದಾಗ ಅಂತಿಮ ಉತ್ತರ ಕೊಡುವುದು ಓವನ್: ಪುಡಿಯನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟು, ಹೋದ ತೂಕ ನೋಡುವುದು.

ನಾಲ್ಕು ಚೀಲದಲ್ಲಿ ಎಷ್ಟರಿಂದ ಮಾದರಿ ತೆಗೆದರು? ಚೀಲದ ಮೇಲಿಂದಲೋ ತಳದಿಂದಲೋ? ಎಷ್ಟು ಸಲ ಅಳೆದರು? ಇವು ಪತ್ರದಲ್ಲಿಲ್ಲ. ಮಾಪಕ ಶೇ. 1 ಹೆಚ್ಚು ತೋರಿಸಿದರೂ 2 ಕಿಲೊ ಹೋಗುತ್ತದೆ, ಈ ಸರಕಿನ ಸರಾಸರಿ ದರ 370ರಂತೆ 740 ರೂಪಾಯಿ. ಅಷ್ಟು ಹಣ ನಿಂತಿರುವ ಅಂಕಿಯ ಹಿಂದೆ ಒಂದು ವಾಕ್ಯವಾದರೂ ಇರಬೇಕಿತ್ತು.

ಭಾವನ ಪ್ರಶ್ನೆಯ ಮೂಲ ಮಾತ್ರ ಇನ್ನೊಂದು ಸಾಲಿನಲ್ಲಿದೆ. ಪಟೋರದ ತೂಕದ ಕೆಳಗೆ ಸಣ್ಣ ಅಕ್ಷರದಲ್ಲಿ ಹೀಗಿದೆ: "ತೇವಾಂಶ ಹಾಗೂ ಗುಣಮಟ್ಟದ ಕಾರಣ ದರ್ಜೆ ಇಳಿಸಲಾಗಿದೆ." ಈ ವಾಕ್ಯದಲ್ಲಿ ಎರಡು ಬೇರೆ ಸಂಗತಿಗಳು ಒಂದೇ "ಹಾಗೂ"ವಿನಲ್ಲಿ ಕಟ್ಟಿಕೊಂಡಿವೆ. ಅವನ್ನು ಬಿಡಿಸುವುದು ಕಷ್ಟವಲ್ಲ. ಒಣಗಿಸಿದರೆ ಹೋಗುವ ದೋಷ ತೇವಾಂಶ. ಎಷ್ಟು ಒಣಗಿಸಿದರೂ ಹೋಗದ ದೋಷ ದರ್ಜೆ. ಮೈ ಬಿರಿದ ಪಟೋರ ಬಿರಿದೇ ಇರುತ್ತದೆ, ಒಳಗೆ ಟೊಳ್ಳಾದ ಉಳ್ಳಿಗಡ್ಡೆ ಟೊಳ್ಳಾಗಿಯೇ ಇರುತ್ತದೆ. ಮೊದಲನೆಯದಕ್ಕೆ ತೂಕದಲ್ಲಿ ಕಡಿತ ಸರಿ, ಎರಡನೆಯದಕ್ಕೆ ದರದಲ್ಲಿ ಕಡಿತ ಸರಿ. ಒಂದೇ ನೀರಿಗಾಗಿ ತೂಕದಲ್ಲೂ ಕಳೆದು ದರವನ್ನೂ ಇಳಿಸಿದರೆ ಸದಸ್ಯ ಎರಡು ಸಲ ಕೊಟ್ಟಂತಾಗುತ್ತದೆ.

ಎಷ್ಟು ಕೊಟ್ಟರು ಎಂದೂ ಎಣಿಸಬಹುದು. ತೂಕದ 8 ಕಿಲೊಗೆ ಸರಾಸರಿ ದರದಂತೆ 2,960 ರೂಪಾಯಿ. ಇದು ಸರಿಯಾದ ಕಡಿತ. ಆ 38.4 ಕಿಲೊ ಬರೀ ಹಸಿಯ ಕಾರಣಕ್ಕೆ ಚಾಲಿಯಿಂದ ಪಟೋರಕ್ಕೆ ಇಳಿದಿದ್ದರೆ, ಕಿಲೊಗೆ 100ರಂತೆ ಇನ್ನೂ 3,840 ರೂಪಾಯಿ. ಎರಡನೆಯ ಕಡಿತ ಮೊದಲನೆಯದಕ್ಕಿಂತ ದೊಡ್ಡದು, ಆದರೆ ಪತ್ರದಲ್ಲಿ ಮೊದಲನೆಯದಕ್ಕೆ ಒಂದು ಪೂರ್ಣ ಮೆಟ್ಟಿಲಿದೆ, ಎರಡನೆಯದು ಟಿಪ್ಪಣಿಯಲ್ಲಿ ಅಡಗಿದೆ.

ಸಂಘದ ಕಡೆಯಿಂದ ಒಂದು ಮಾತು ಹೇಳಬಹುದು, ಅದು ನ್ಯಾಯವಾದದ್ದೇ. ನೀರು ಅಡಿಕೆಯಲ್ಲಿ ಬಹಳ ದಿನ ನಿಂತರೆ ಗುರುತು ಬಿಡುತ್ತದೆ. ಬೂಷ್ಟು ಹತ್ತಿ ಮೈ ಮಂಕಾಗುತ್ತದೆ, ತಿರುಳು ಕಪ್ಪಾಗುತ್ತದೆ. ಆಮೇಲೆ ಎಷ್ಟು ಬಿಸಿಲು ಕಂಡರೂ ಅದು ಚಾಲಿಯಾಗದು. ಹಾಗಿದ್ದಲ್ಲಿ ದರ್ಜೆ ಇಳಿಸಿದ್ದು ತಪ್ಪಲ್ಲ. ಆದರೆ ಕಾರಣ "ತೇವಾಂಶ" ಎಂದಲ್ಲ, "ಬೂಷ್ಟು" ಎಂದೋ "ತಿರುಳು ಕಪ್ಪು" ಎಂದೋ ಬರೆಯಬೇಕು. ಆ ಪದ ಇದ್ದರೆ ಭಾವ ಉಳಿದ ಅಡಿಕೆಯನ್ನು ಕತ್ತರಿಸಿ ನೋಡಿ ನಿಜವೋ ಅಲ್ಲವೋ ತಿಳಿದುಕೊಳ್ಳಬಹುದು, ಬರುವ ವರ್ಷ ಅಂಗಳದಲ್ಲಿ ಏನು ಬದಲಿಸಬೇಕೆಂದೂ ಗೊತ್ತಾಗುತ್ತದೆ. "ಗುಣಮಟ್ಟದ ಕಾರಣ" ಎಂಬ ಮಾತನ್ನು ಪರೀಕ್ಷಿಸಲು ದಾರಿಯಿಲ್ಲ. "ಇಳಿಸಲಾಗಿದೆ" ಎಂಬಲ್ಲಿ ಇಳಿಸಿದವರು ಯಾರೆಂಬುದೂ ಇಲ್ಲ.

ಒಟ್ಟಿನಲ್ಲಿ, ಲೆಕ್ಕದಲ್ಲಿ ಪ್ರಾಮಾಣಿಕವಾದ, ಕಾರಣದಲ್ಲಿ ಅಸ್ಪಷ್ಟವಾದ ಪತ್ರ ಇದು. ತಿದ್ದಲು ಇನ್ನೊಂದು ಪುಟ ಬೇಡ. ತೇವಾಂಶದ ಸಾಲಿಗೆ "ನಾಲ್ಕೂ ಚೀಲಗಳಿಂದ ಮಾದರಿ ತೆಗೆದು, ಪುಡಿ ಮಾಡಿ, ಮೂರು ಸಲ ಅಳೆದ ಸರಾಸರಿ, ಮಾದರಿ ಹದಿನೈದು ದಿನ ಸಂಘದಲ್ಲಿ ಇರುತ್ತದೆ" ಎಂಬಂಥ ಮಾತು ಸೇರಲಿ, ನಿಜವಾಗಿ ಹಾಗೆ ಮಾಡಿದ್ದರೆ. ಟಿಪ್ಪಣಿಯ ಬದಲು "ಮೈ ಬಿರಿದದ್ದು ಇಷ್ಟು ಕಿಲೊ, ಬೂಷ್ಟು ಹಿಡಿದದ್ದು ಇಷ್ಟು ಕಿಲೊ" ಎಂದಿರಲಿ. ಹಾಗೆ ಬರೆಯಲು ಕುಳಿತ ಗುಮಾಸ್ತರಿಗೆ, ಬರೀ ಹಸಿ ಇದ್ದ ಅಡಿಕೆಯನ್ನು ಯಾವ ಸಾಲಿಗೆ ಹಾಕಬೇಕೆಂಬ ಪ್ರಶ್ನೆ ತಾನಾಗಿಯೇ ಎದುರಾಗುತ್ತದೆ. ಅದಕ್ಕೆ ಸಾಲು ಸಿಗದಿದ್ದರೆ ಆ 3,840 ರೂಪಾಯಿ ಭಾವನದು.