ಟೆಂಪ್ಲೇಟಿನ ಫೋಟೊ ಅಳಿಸಿದ ಮೇಲೆ

ಕ್ಯಾನ್ವಾದಲ್ಲಿ `Christmas cake flyer` ಎಂದು ಹುಡುಕಿದರೆ ಸಾಲುಗಟ್ಟಿ ಬರುವ ಟೆಂಪ್ಲೇಟುಗಳಲ್ಲಿ ಕೆಟ್ಟದ್ದು ಅಂತ ಒಂದನ್ನು ಆರಿಸುವುದೇ ಕಷ್ಟ. ಗಾಢ ಹಸಿರು ಹಿನ್ನೆಲೆ, ಒಂದು ಬದಿಯಿಂದ ಬೀಳುವ ಮೆದು ಬೆಳಕು, ಕಪ್ಪು ತಟ್ಟೆಯಲ್ಲಿ ಕೇಕು, ಅದರ ಮೇಲೆ ಶೀರ್ಷಿಕೆಗೆಂದೇ ಬಿಟ್ಟ ಖಾಲಿ ಜಾಗ, ಕೆಳಗೆ `123 Anywhere St., Any City` ಎಂಬ ಹುಸಿ ವಿಳಾಸ. ಮನೆಯಲ್ಲೇ ಕೇಕು ಮಾಡಿ ಮಾರುವವರು ಇದನ್ನು ತೆರೆದು ಮೊದಲು ಮಾಡುವ ಕೆಲಸವೆಂದರೆ ಆ ಫೋಟೊ ತೆಗೆದು ತಮ್ಮದನ್ನು ಹಾಕುವುದು. ಅಲ್ಲಿಗೆ ಪೋಸ್ಟರು ಬಿದ್ದುಹೋಗುತ್ತದೆ.

ಮೈಸೂರಿನ ನಮ್ಮ ಬೀದಿಯಲ್ಲಿ ಹೀಗೆ ಪ್ಲಮ್ ಕೇಕ್ ಮಾರುವ ಒಬ್ಬರಿದ್ದಾರೆ. ತಮ್ಮ ಫೋಟೊ ಹಾಕಿ ನೋಡಿದ ಮೇಲೆ ಅವರು ಹೇಳಿದ್ದು ಇಷ್ಟೇ: "ನೋಡಿ ಸಾರ್, ನನ್ನ ಕೇಕೇ ಚೆನ್ನಾಗಿಲ್ಲವೇನೋ ಅನ್ನಿಸಿಬಿಡ್ತು." ಕೇಕು ಚೆನ್ನಾಗಿತ್ತು, ನಾನು ತಿಂದಿದ್ದೆ. ಫೋಟೊ ಮಾತ್ರ ಅಡುಗೆಮನೆಯ ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದು. ಕಂದು ಬಣ್ಣದ ಕೇಕಿಗೆ ಹಸಿರು ಛಾಯೆ ಬಂದಿತ್ತು, ಹಿಂದೆ ಸ್ಟೀಲ್ ಡಬ್ಬಗಳು ಮಿಂಚುತ್ತಿದ್ದವು, ಕೇಕು ಚೌಕಟ್ಟಿನ ತುಂಬ ಕೂತಿದ್ದರಿಂದ ಶೀರ್ಷಿಕೆ ಬರೆಯಲು ಜಾಗವೇ ಇರಲಿಲ್ಲ. ಅಕ್ಷರಗಳು ಒಣದ್ರಾಕ್ಷಿ ಗೋಡಂಬಿಗಳ ಮೇಲೆ ಬಿದ್ದು ಓದಲಾಗದಂತಾಗಿದ್ದವು.

ಈ ಆ್ಯಪ್‌ಗಳ ಬಗ್ಗೆ ನನ್ನ ಮುಖ್ಯ ತಕರಾರು ಇರುವುದು ಇಲ್ಲೇ. ಟೆಂಪ್ಲೇಟಿನ ಅಂದದಲ್ಲಿ ಹೆಚ್ಚಿನ ಪಾಲು ಆ ಎರವಲು ಫೋಟೊದ್ದು. ಅದನ್ನು ಹಾಗೇ ಉಳಿಸಿಕೊಂಡು ಪೋಸ್ಟರ್ ಕಳಿಸುವವರೂ ಇದ್ದಾರೆ. ಗಿರಾಕಿ ಚಿತ್ರದಲ್ಲಿ ಕಂಡ ಕೇಕು ಒಂದು, ಮನೆಗೆ ಬರುವುದು ಇನ್ನೊಂದು. ಬೇಕರಿಯಲ್ಲಾದರೆ ಗಾಜಿನ ಕಪಾಟಿನೊಳಗೆ ಇಣುಕಿ ನೋಡಿ ಕೊಳ್ಳಬಹುದು, ಮನೆಯಿಂದ ಮಾರುವವರಿಗೆ ಆ ಕಪಾಟಿಲ್ಲ. ಅವರ ಮಾಲನ್ನು ತೋರಿಸಲು ಇರುವುದು ಈ ಚಿತ್ರವೊಂದೇ. ಹಾಗಾಗಿ ಆ್ಯಪನ್ನು ಅಳೆಯುವುದಾದರೆ ಅದರ ಫೋಟೊ ಅಳಿಸಿ, ಆಮೇಲೆ ಏನು ಉಳಿಯುತ್ತದೆಂದು ನೋಡಿ ಅಳೆಯಬೇಕು.

ಉಳಿಯುವುದು ಏನೂ ಇಲ್ಲವೆಂದಲ್ಲ. ಅಕ್ಷರದ ಸಾಲುಗಳನ್ನು ಎಳೆಯುವಾಗ ನಡುಗೆರೆ, ಅಂಚುಗೆರೆ ತೋರಿಸಿ ನೇರ ಕೂರಿಸುವುದು, ಒಂದಕ್ಕೊಂದು ಹೊಂದುವ ಬಣ್ಣಗಳನ್ನು ಜೋಡಿಸಿ ಕೊಡುವುದು, ಒಮ್ಮೆ ಮಾಡಿದ್ದನ್ನು ಮುಂದಿನ ವರ್ಷ ತಾರೀಖು ಮಾತ್ರ ಬದಲಿಸಿ ಬಳಸುವಂತೆ ಇಟ್ಟುಕೊಳ್ಳುವುದು, ಇವೆಲ್ಲ ನಿಜವಾದ ಉಪಕಾರಗಳೇ. ಆದರೆ ಬೆಳಕನ್ನು ಯಾವ ಆ್ಯಪೂ ಕೊಡುವುದಿಲ್ಲ. ಫಿಲ್ಟರ್ ಹಾಕಿ ಟ್ಯೂಬ್‌ಲೈಟಿನ ಹಸಿರನ್ನು ಓಡಿಸಲು ಹೋದರೆ ಕೇಕು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ.

ಅದರ ಬದಲು, ಬೆಳಗ್ಗೆ ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಒಂದು ಸ್ಟೂಲು ಹಾಕಿ, ಮನೆಯ ದೀಪಗಳನ್ನೆಲ್ಲ ಆರಿಸಿ, ಕಿಟಕಿಯ ಎದುರು ಬದಿಗೆ ಬಿಳಿ ಡ್ರಾಯಿಂಗ್ ಶೀಟ್ ನಿಲ್ಲಿಸಿದರೆ ಸಾಕು. ನೆರಳಿನ ಕಡೆಯೂ ಕಪ್ಪಾಗದೆ ಮೆದುವಾಗಿ ಕಾಣುತ್ತದೆ. ಫೋನನ್ನು ಎರಡು ಹೆಜ್ಜೆ ಹಿಂದಿಟ್ಟು, ಕೇಕು ಚೌಕಟ್ಟಿನ ಕೆಳಗಿನ ಅರ್ಧದಲ್ಲಿ ಬರುವಂತೆ, ಮೇಲಿನರ್ಧ ಬರಿಯ ಗೋಡೆ ಇರುವಂತೆ ತೆಗೆಯಬೇಕು. ಆ ಗೋಡೆಯೇ ಶೀರ್ಷಿಕೆಯ ಜಾಗ. ಪ್ಲಮ್ ಕೇಕಾದರೆ ಒಂದು ತುಂಡು ಕೊಯ್ದು ಒಳಗಿನ ಹಣ್ಣು ಕಾಣುವಂತೆ ಇಡಬೇಕು, ಹೊರಗಿನಿಂದ ಅದು ಬರೀ ಕಂದು ದಿಮ್ಮಿ.

ಹಿನ್ನೆಲೆ ಅಳಿಸುವ ಸೌಲಭ್ಯವನ್ನು ಇದಕ್ಕೆ ಬದಲಿ ಅಂದುಕೊಳ್ಳುವವರು ಬಹಳ. ಕ್ಯಾನ್ವಾದಲ್ಲಿ ಅದು ಹಣ ಕೊಟ್ಟವರಿಗೆ, ಅಡೋಬಿ ಎಕ್ಸ್‌ಪ್ರೆಸ್‌ನಲ್ಲಿ ಬಿಟ್ಟಿಯಾಗೇ ಸಿಗುತ್ತದೆ. ನುಣುಪಾದ ಅಂಚಿರುವ ಡಬ್ಬಕ್ಕೆ, ಬಾಟಲಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕೇಕಿನ ಮೇಲೆ ಉದುರಿಸಿದ ಸಕ್ಕರೆ ಪುಡಿ, ತಟ್ಟೆಯ ಮೇಲೆ ಬಿದ್ದ ಪುಡಿ ಚೂರು, ಬಿಳಿ ಕ್ರೀಮಿನ ಅಂಚು ಇವನ್ನೆಲ್ಲ ಹಿನ್ನೆಲೆಯ ಜತೆಗೇ ಕಚ್ಚಿಕೊಂಡು ಹೋಗುವುದುಂಟು. ಜತೆಗೆ ಕೇಕಿನ ಕೆಳಗಿನ ನೆರಳೂ ಮಾಯ, ಕೇಕು ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುತ್ತದೆ. ತಟ್ಟೆಯ ಸಮೇತ ಕತ್ತರಿಸಿಕೊಂಡರೆ ಸ್ವಲ್ಪ ವಾಸಿ.

ಎರಡನೆಯ ತಕರಾರು ಕನ್ನಡದ್ದು. ಟೆಂಪ್ಲೇಟಿನ `MERRY CHRISTMAS` ಅನ್ನು ಅಳಿಸಿ ಅದೇ ಪೆಟ್ಟಿಗೆಯಲ್ಲಿ ಎರಡು ಸಾಲಾಗಿ "ಕ್ರಿಸ್‌ಮಸ್ / ಪ್ಲಮ್ ಕೇಕ್" ಎಂದು ಬರೆದು ನೋಡಿ. ಮೂರು ಎಡವಟ್ಟುಗಳು ಒಟ್ಟಿಗೇ ಎದ್ದು ಬರುತ್ತವೆ. ಟೆಂಪ್ಲೇಟಿನ ಫಾಂಟಿನಲ್ಲಿ ಕನ್ನಡ ಇರುವುದಿಲ್ಲ, ಆ್ಯಪು ಏನೂ ಹೇಳದೆ ಬೇರೊಂದು ಫಾಂಟನ್ನು ತಂದು ಕೂರಿಸುತ್ತದೆ. ಮೇಲೆ ಎಷ್ಟೇ ಹೊಸ ಹೊಸ ಫಾಂಟ್ ಹೆಸರು ಆರಿಸಿದರೂ ಕನ್ನಡ ಅಕ್ಷರ ಅಲ್ಲಾಡದಿದ್ದರೆ ಇದೇ ಕಾರಣ. ಇನ್ನು ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಕೆಳಗೆ ಇಳಿಯುವ ಭಾಗವಿಲ್ಲದ್ದರಿಂದ ಸಾಲುಗಳನ್ನು ಒತ್ತೊತ್ತಾಗಿ ಕೂರಿಸಿರುತ್ತಾರೆ. ಕನ್ನಡದಲ್ಲಿ "ಕ್ರಿ"ಯ ಒತ್ತು ಕೆಳಗಿಳಿದು ಎರಡನೆಯ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಸಾಲಿನ ಅಂತರವನ್ನು 1.3ರ ಆಸುಪಾಸಿಗೆ ಏರಿಸಿದರೆ ಬಿಡುಗಡೆ. ಮೂರನೆಯದು ಅಕ್ಷರಗಳ ನಡುವಿನ ಅಂತರ. ಇಂಗ್ಲಿಷ್ ಶೀರ್ಷಿಕೆಯನ್ನು ಅಗಲಿಸಿ ಬರೆದರೆ ಠೀವಿ, ಕನ್ನಡದಲ್ಲಿ ಹಾಗೆ ಮಾಡಿದರೆ ಒತ್ತು, ದೀರ್ಘಗಳು ತಮ್ಮ ಅಕ್ಷರದಿಂದ ಕಳಚಿಕೊಂಡಂತೆ ಕಾಣುತ್ತವೆ. ಅದನ್ನು ಸೊನ್ನೆಗೆ ತರಬೇಕು. ಅಕ್ಷರಗಳನ್ನು ಕಮಾನಿನಂತೆ ಬಾಗಿಸುವ ಆಟವನ್ನಂತೂ ಕನ್ನಡದ ಮೇಲೆ ಆಡದಿರುವುದೇ ಕ್ಷೇಮ.

ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವಿಲ್ಲ. ಹಾಗಾಗಿ ಶೀರ್ಷಿಕೆ ಎದ್ದು ಕಾಣಬೇಕಾದರೆ ಗಾತ್ರ, ದಪ್ಪ ಇವೆರಡೇ ಗತಿ. ಶೀರ್ಷಿಕೆಗೆ ಬಲೂ ತಮ್ಮದಂಥ ದುಂಡು ದಪ್ಪ ಅಕ್ಷರ, ಉಳಿದದ್ದಕ್ಕೆ ನೋಟೊ ಸಾನ್ಸ್ ಕನ್ನಡ, ಅಲ್ಲಿಗೆ ಮುಗಿಸಿದರೆ ಒಳ್ಳೆಯದು. ಬಲೂ ತಮ್ಮದ ಗುಂಡಗಿನ ತಿರುವುಗಳು ತಿಂಡಿ ತಿನಿಸಿನ ಪೋಸ್ಟರಿಗೆ ಹೇಳಿ ಮಾಡಿಸಿದಂತಿವೆ. ಇನ್ನೂ ಅಲಂಕಾರ ಬೇಕೆಂದು ಪಿಕ್ಸೆಲ್‌ಲ್ಯಾಬ್ ಹಿಡಿಯುವವರಿದ್ದಾರೆ. ಆಂಡ್ರಾಯ್ಡ್ ಫೋನಿನ ಈ ಆ್ಯಪಿನಲ್ಲಿ ನಾವೇ ಇಳಿಸಿಕೊಂಡ ಫಾಂಟನ್ನು ಬಿಟ್ಟಿಯಾಗಿ ಸೇರಿಸಬಹುದು, ಕ್ಯಾನ್ವಾದಲ್ಲಿ ಅದಕ್ಕೂ ಹಣ ತೆರಬೇಕು. ಆದರೆ ಕೈಯಿಂದ ಕೈಗೆ ದಾಟುವ ಅಲಂಕಾರದ ಕನ್ನಡ ಫಾಂಟುಗಳಲ್ಲಿ ಎಷ್ಟೋ ಹಳೆಯ ನುಡಿ ಮಾದರಿಯವು. ಫೋನಿನಲ್ಲಿ ನಾವು ಒತ್ತುವುದು ಯೂನಿಕೋಡ್. ಅದನ್ನು ಮೊದಲು ಪರಿವರ್ತಕದಲ್ಲಿ ಹಾಕಿ, ಹೊರಬಂದ ಅರ್ಥವಿಲ್ಲದ ಇಂಗ್ಲಿಷ್ ಗೀಚನ್ನು ನಕಲು ಮಾಡಿ ತಂದು ಆ ಫಾಂಟ್ ಹಚ್ಚಬೇಕು. ಒಂದು ಅಕ್ಷರ ತಪ್ಪಿದರೂ ಮತ್ತೆ ಮೊದಲಿನಿಂದ. ಮದುವೆ ಕಾರ್ಡು ಮಾಡುವವರಿಗೆ ಈ ಶ್ರಮ ಸಲ್ಲುತ್ತದೆ. ಒಲೆಯಲ್ಲಿ ಕೇಕಿಟ್ಟು ಬಂದವರಿಗೆ ಸಲ್ಲದು.

ಪೋಸ್ಟರಿನಲ್ಲಿ ಏನು ಬರೆಯಬೇಕೆಂಬ ವಿಷಯಕ್ಕೆ ಬಂದರೆ ಟೆಂಪ್ಲೇಟುಗಳು ಇನ್ನೂ ದೂರದಲ್ಲಿವೆ. ಅವು ಕೆಫೆಯೊಂದರ ಜಾಹೀರಾತಿಗೆ ಹೊಲಿದ ಅಂಗಿ, ಅರ್ಧ ಬೆಲೆ ಕಡಿತ ಎಂಬ ದೊಡ್ಡ ವೃತ್ತವಿರುತ್ತದೆ, ತೂಕ ಬೆಲೆಗೆ ಜಾಗವಿರುವುದಿಲ್ಲ. ನಮ್ಮ ಬೀದಿಯವರ ಪೋಸ್ಟರಿಗೆ ಬೇಕಾಗಿದ್ದು ಅರ್ಧ ಕೆಜಿ, ಒಂದು ಕೆಜಿಯ ಬೆಲೆ, ಮೊಟ್ಟೆ ಇದೆಯೋ ಇಲ್ಲವೋ, ಆರ್ಡರಿಗೆ ಕೊನೆಯ ದಿನ, ಬಂದು ಒಯ್ಯಬೇಕಾದ ಬಡಾವಣೆಯ ಹೆಸರು, ಫೋನ್ ನಂಬರು. ಹಿಮದ ಹನಿಗಳನ್ನೂ (ಮೈಸೂರಿಗೆ ಹಿಮ!) ಚಿನ್ನದ ಬಣ್ಣದ ಎಲೆಗಳನ್ನೂ ಒಂದೊಂದಾಗಿ ಅಳಿಸಿದ ಮೇಲೆ ಇವಕ್ಕೆಲ್ಲ ಜಾಗ ಸಿಕ್ಕಿತು. ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಫೋನಿನ ಗ್ಯಾಲರಿಯಲ್ಲಿ ಹೆಬ್ಬೆರಳಿನಷ್ಟು ಚಿಕ್ಕದಾಗಿ ನೋಡಬೇಕು. ಆ ಗಾತ್ರದಲ್ಲೂ ಕೇಕಿನ ಹೆಸರು ಓದಲು ಬಂದರೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಜನ ಒತ್ತಿ ನೋಡುತ್ತಾರೆ. ಸ್ಟೇಟಸ್‌ಗೆಂದು 1080 × 1920ರಲ್ಲಿ ಮಾಡಿದರೆ ಮೇಲೂ ಕೆಳಗೂ ಸುಮಾರು 250 ಪಿಕ್ಸೆಲ್ ಖಾಲಿ ಬಿಡಬೇಕು, ಇಲ್ಲದಿದ್ದರೆ ಫೋನ್ ನಂಬರು ಉತ್ತರ ಬರೆಯುವ ಪಟ್ಟಿಯ ಹಿಂದೆ ಅಡಗುತ್ತದೆ.

ಮೊಟ್ಟೆಯ ವಿಷಯದಲ್ಲಿ ಆ್ಯಪುಗಳ ಸ್ಟಿಕರ್ ರಾಶಿಯನ್ನು ನಂಬಬಾರದು. ಹಸಿರು ಎಲೆಯ "ವೆಜ್" ಸ್ಟಿಕರುಗಳು ಅಲ್ಲಿ ಬೇಕಾದಷ್ಟಿವೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಮೊಟ್ಟೆ ಹಾಕಿದ ಕೇಕು ಮಾಂಸಾಹಾರದ ಲೆಕ್ಕಕ್ಕೆ ಬರುತ್ತದೆ, ಅದರ ಗುರುತು ಚೌಕದೊಳಗೆ ಕಂದು ತ್ರಿಕೋನ. ಸಸ್ಯಾಹಾರದ ಗುರುತು ಹಸಿರು ಚೌಕದೊಳಗೆ ಹಸಿರು ಚುಕ್ಕೆ, ಎಲೆಯಲ್ಲ. ಮನೆಯಿಂದ ಮಾರುವವರಿಗೂ ನೋಂದಣಿ ಬೇಕು, ಅದರ 14 ಅಂಕಿಯ ಸಂಖ್ಯೆಯನ್ನು ಪೋಸ್ಟರಿನ ಅಡಿಯಲ್ಲಿ ಸಣ್ಣಗೆ ಹಾಕಿದರೆ ಹೊಸ ಗಿರಾಕಿಗೆ ನಂಬಿಕೆ ಬರುತ್ತದೆ.

ಅದೇ ಪೋಸ್ಟರನ್ನು ಪೇಪರಿನೊಳಗೆ ಇಟ್ಟು ಹಂಚಿಸಬೇಕೆಂದಾಗ ಇನ್ನೊಂದು ಗುಂಡಿ. ಇನ್‌ಸ್ಟಾಗ್ರಾಮಿಗೆ ಮಾಡಿದ ಚೌಕ ಚಿತ್ರದ ಅಗಲ 1080 ಪಿಕ್ಸೆಲ್. ಎ5 ಹಾಳೆಯ ಅಗಲ 148 ಮಿಲಿಮೀಟರ್, ಅಂದರೆ ಆರು ಇಂಚಿಗೆ ಒಂದಿಷ್ಟು ಕಡಿಮೆ. ಭಾಗಿಸಿದರೆ ಇಂಚಿಗೆ 185ರಷ್ಟು ಚುಕ್ಕೆ ಬರುತ್ತದೆ. ಅಚ್ಚಿಗೆ ಕೇಳುವುದು 300. ದೊಡ್ಡ ಶೀರ್ಷಿಕೆ ಹೇಗೋ ತಡೆದುಕೊಳ್ಳುತ್ತದೆ, ಫೋನ್ ನಂಬರಿನಂಥ ಸಣ್ಣ ಅಕ್ಷರಗಳ ಅಂಚು ಮಸುಕಾಗುತ್ತದೆ. ಆದ್ದರಿಂದ ಚಿತ್ರವನ್ನು ಹಿಗ್ಗಿಸುವ ಬದಲು ಎ5 ಗಾತ್ರದ ಹೊಸ ಪುಟ ತೆರೆದು, ತುಣುಕುಗಳನ್ನು ನಕಲು ಮಾಡಿ ತಂದು ಮತ್ತೆ ಜೋಡಿಸಿ, `PDF Print` ಆಗಿ ಇಳಿಸಬೇಕು. ಗಾಢ ಹಸಿರು ಹಿನ್ನೆಲೆಯನ್ನು ಇಲ್ಲಿ ಬಿಡುವುದು ಜಾಣತನ. ಪರದೆಯಲ್ಲಿ ಹೊಳೆಯುವ ಹಸಿರು ಕಾಗದದಲ್ಲಿ ಮಂಕಾಗುತ್ತದೆ, ಅಂಚಿನವರೆಗೆ ಬಣ್ಣ ಬಳಿದರೆ ಕತ್ತರಿಸುವಾಗ ಬಿಳಿ ಗೆರೆ ಉಳಿಯುವ ಕಾಟ ಬೇರೆ. ಸುತ್ತ ಬಿಳಿ ಅಂಚು ಬಿಟ್ಟು, ತಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ ಬರೆದರೆ ಜೆರಾಕ್ಸ್ ಅಂಗಡಿಯ ಕಲರ್ ಪ್ರಿಂಟರಿನಲ್ಲೂ ಮರ್ಯಾದೆಯಾಗಿ ಬರುತ್ತದೆ.

ಹಣ ಕೊಟ್ಟು ಆ್ಯಪು ಕೊಳ್ಳಬೇಕೇ ಎಂದು ನಮ್ಮ ಬೀದಿಯವರು ಕೇಳಿದರು. ಕ್ಯಾನ್ವಾದಲ್ಲಿ ಹಣ ಕೊಟ್ಟರೆ ಸಿಗುವವುಗಳಲ್ಲಿ ಇವರ ಕೆಲಸಕ್ಕೆ ಬರುವುದು ಮೂರೇ: ಹಿನ್ನೆಲೆ ಅಳಿಸುವುದು, ಗಾತ್ರ ಬದಲಿಸುವುದು, ಸ್ವಂತ ಫಾಂಟ್ ಸೇರಿಸುವುದು. ಮೊದಲನೆಯದು ಬೇರೆಡೆ ಬಿಟ್ಟಿ ಸಿಗುತ್ತದೆ, ಮೂರನೆಯದು ಬೇಕಾಗುವುದಿಲ್ಲ. ವಾರವಾರ ಹೊಸ ಪೋಸ್ಟರ್ ಹಾಕಿ, ಅದನ್ನು ಸ್ಟೇಟಸ್, ಇನ್‌ಸ್ಟಾಗ್ರಾಮ್, ಕರಪತ್ರ ಮೂರಕ್ಕೂ ತಿರುಗಿಸುವವರಿಗೆ ಎರಡನೆಯದೊಂದೇ ದುಡ್ಡಿನ ಬೆಲೆ ತರುತ್ತದೆ. ಕ್ರಿಸ್‌ಮಸ್, ಹೊಸ ವರ್ಷ, ಮಧ್ಯೆ ಎಂದಾದರೊಂದು ಹುಟ್ಟುಹಬ್ಬದ ಹಂಗಾಮು ಎನ್ನುವವರು ಆ ದುಡ್ಡಿನಲ್ಲಿ ಡ್ರಾಯಿಂಗ್ ಶೀಟ್ ತರಲಿ, ಉಳಿದದ್ದಕ್ಕೆ ಒಣದ್ರಾಕ್ಷಿ.